ಈಗಾಗಲೇ ಹಣ ಕಟ್ಟಿದ ಚಂದಾಕ್ಕೆ ಜಿಎಸ್‌ಟಿ ಸಂಖ್ಯೆ ಇರುವ ತೆರಿಗೆ ಇನ್‌ವಾಯ್ಸ್ ಪಡೆಯುವುದು: ಮುಂಬೈ, ಪುಣೆ, ಗೋವಾದ ಕನ್ನಡಿಗ ವ್ಯಾಪಾರಸ್ಥರು ಪದೇ ಪದೇ ಕೇಳುವ ಪ್ರಶ್ನೆಗಳು

ಸಾಫ್ಟ್‌ವೇರ್, ವೆಬ್‌ಸೈಟ್ ಹೋಸ್ಟಿಂಗ್, ಬಿಲ್ಲಿಂಗ್ ಆ್ಯಪ್ ಮುಂತಾದವುಗಳಿಗೆ ವರ್ಷದ ಚಂದಾ ಕಟ್ಟಿದ ಮೇಲೆ ವ್ಯವಹಾರದ ಹೆಸರು ಮತ್ತು ಜಿಎಸ್‌ಟಿ ಸಂಖ್ಯೆ ಇಲ್ಲದ ಬಿಲ್ಲು ಕೈಗೆ ಬಂದವರಿಗಾಗಿ ಈ ಉತ್ತರಗಳನ್ನು ಬರೆಯಲಾಗಿದೆ. ಊರಿನ ವಿಳಾಸ ಕರ್ನಾಟಕದಲ್ಲಿ, ವ್ಯಾಪಾರ ಮಹಾರಾಷ್ಟ್ರ ಅಥವಾ ಗೋವಾದಲ್ಲಿ ಇರುವವರಿಗೆ ಇದರಲ್ಲಿ ವಿಶೇಷವಾದ ಒಂದು ತೊಡಕು ಇರುವುದರಿಂದ ಅದಕ್ಕೆ ಹೆಚ್ಚು ಜಾಗ ಕೊಡಲಾಗಿದೆ.

ಹಣ ಕಟ್ಟಿದ ಕೂಡಲೇ ಇಮೇಲ್‌ನಲ್ಲಿ ರಸೀದಿ ಬಂದಿದೆ. ಅಷ್ಟು ಸಾಲದೇ?

ಖರ್ಚಿನ ಪುರಾವೆಗೆ ಅದು ಉಪಯೋಗಕ್ಕೆ ಬರುತ್ತದೆ, ಆದರೆ ಕಟ್ಟಿದ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯಲು ಸಾಲದು. ಪಾವತಿ ರಸೀದಿಯು ಹಣ ಸಂದಾಯವಾಯಿತು ಎಂಬುದನ್ನು ಮಾತ್ರ ಹೇಳುತ್ತದೆ. ತೆರಿಗೆ ಇನ್‌ವಾಯ್ಸ್‌ನಲ್ಲಿ ಏನೇನು ಇರಬೇಕು ಎಂಬುದನ್ನು ಸಿಜಿಎಸ್‌ಟಿ ನಿಯಮಾವಳಿಯ 46ನೇ ನಿಯಮ ಹೇಳುತ್ತದೆ: ಮಾರಾಟಗಾರರ ಹೆಸರು, ವಿಳಾಸ, ಜಿಎಸ್‌ಟಿ ಸಂಖ್ಯೆ, 16 ಅಕ್ಷರಗಳನ್ನು ಮೀರದ ಕ್ರಮಸಂಖ್ಯೆ ಮತ್ತು ದಿನಾಂಕ, ಗ್ರಾಹಕರು ನೋಂದಾಯಿತರಾಗಿದ್ದರೆ ಅವರ ಹೆಸರು, ವಿಳಾಸ, ಜಿಎಸ್‌ಟಿ ಸಂಖ್ಯೆ, ಸೇವೆಯ ವಿವರಣೆ ಮತ್ತು ಅದರ ಕೋಡ್, ತೆರಿಗೆಗೆ ಒಳಪಡುವ ಮೊತ್ತ, ತೆರಿಗೆಯ ದರ, ತೆರಿಗೆಯ ಮೊತ್ತ, ಮಾರಾಟ ಒಂದು ರಾಜ್ಯದಿಂದ ಇನ್ನೊಂದಕ್ಕೆ ಆಗಿದ್ದರೆ ಸೇವೆ ಪೂರೈಕೆಯಾದ ಸ್ಥಳ ಮತ್ತು ರಾಜ್ಯದ ಹೆಸರು. ನಿಮ್ಮ ಕೈಯಲ್ಲಿರುವ ಕಾಗದದಲ್ಲಿ ಉಳಿದೆಲ್ಲವೂ ಇದ್ದು ನಿಮ್ಮ ಜಿಎಸ್‌ಟಿ ಸಂಖ್ಯೆ ಮಾತ್ರ ಇಲ್ಲದಿದ್ದರೆ, ಅದು ಸಾಮಾನ್ಯ ಗ್ರಾಹಕರಿಗೆ ಕೊಡುವ ಸರಿಯಾದ ಇನ್‌ವಾಯ್ಸ್ ಆಗಿರಬಹುದು. ಆದರೆ ನಿಮ್ಮ ವ್ಯವಹಾರದ ಖಾತೆಗೆ ಅದರಿಂದ ಒಂದು ರೂಪಾಯಿಯೂ ಜಮೆಯಾಗುವುದಿಲ್ಲ.

ಹಣ ಕಟ್ಟುವಾಗ ಜಿಎಸ್‌ಟಿ ಸಂಖ್ಯೆ ನಮೂದಿಸಿರಲಿಲ್ಲ. ಈಗ ಕೇಳಿದರೆ ಕೊಡುತ್ತಾರೆಯೇ?

ಬಹಳಷ್ಟು ಸಂದರ್ಭಗಳಲ್ಲಿ ಕೊಡುತ್ತಾರೆ, ಆದರೆ ಯಾವಾಗ ಕೇಳುತ್ತೀರಿ ಎಂಬುದರ ಮೇಲೆ ಅದು ನಿಂತಿದೆ. ಮಾರಾಟಗಾರರು ಒಂದು ತಿಂಗಳ ಮಾರಾಟದ ವಿವರವನ್ನು ಸಾಮಾನ್ಯವಾಗಿ ಮುಂದಿನ ತಿಂಗಳ 11ನೇ ತಾರೀಕಿನೊಳಗೆ GSTR-1 ರಿಟರ್ನ್‌ನಲ್ಲಿ ಸಲ್ಲಿಸುತ್ತಾರೆ. ಅದಕ್ಕೂ ಮೊದಲು ನೀವು ತಿಳಿಸಿದರೆ ಅವರು ನಿಮ್ಮ ಮಾರಾಟವನ್ನು ಸಾಮಾನ್ಯ ಗ್ರಾಹಕರ ಸಾಲಿನಿಂದ ತೆಗೆದು ನೋಂದಾಯಿತರ ಸಾಲಿಗೆ ಸೇರಿಸಿದರೆ ಸಾಕು. ರಿಟರ್ನ್ ಹೋದ ಮೇಲೆ ಕೆಲಸ ಸ್ವಲ್ಪ ಜಟಿಲವಾಗುತ್ತದೆ. ನೋಂದಣಿ ಇಲ್ಲದ ಗ್ರಾಹಕರಿಗೆ ಮಾಡಿದ ಸಣ್ಣ ಮಾರಾಟಗಳನ್ನು ರಿಟರ್ನ್‌ನಲ್ಲಿ ಒಂದೊಂದಾಗಿ ತೋರಿಸುವುದಿಲ್ಲ. ರಾಜ್ಯವಾರು, ದರವಾರು ಒಟ್ಟು ಮೊತ್ತವಾಗಿ ತೋರಿಸುತ್ತಾರೆ. ನಿಮ್ಮ ಬಿಲ್ಲು ಆ ಒಟ್ಟು ಮೊತ್ತದೊಳಗೆ ಸೇರಿಹೋಗಿರುವುದರಿಂದ ಅದಕ್ಕೆ ಜಿಎಸ್‌ಟಿ ಸಂಖ್ಯೆಯನ್ನು ಅಂಟಿಸಲು ಬರುವುದಿಲ್ಲ. ಆ ಮೊತ್ತದಿಂದ ಅಷ್ಟನ್ನು ಕಳೆದು, ನಿಮ್ಮ ಹೆಸರಿನಲ್ಲಿ ಪ್ರತ್ಯೇಕ ಇನ್‌ವಾಯ್ಸ್ ತೋರಿಸಬೇಕಾಗುತ್ತದೆ.

ಇಲ್ಲಿ ಒಂದು ವಿಷಯವನ್ನು ನೇರವಾಗಿ ಹೇಳಬೇಕು. ನೀವೇ ಸಂಖ್ಯೆ ಕೊಡದೆ ಕೊಂಡಿದ್ದರೆ, ಆ ದಿನ ಅವರು ಕೊಟ್ಟ ಬಿಲ್ಲಿನಲ್ಲಿ ಅವರ ತಪ್ಪೇನೂ ಇಲ್ಲ. ಆದ್ದರಿಂದ ಇದು ಹಕ್ಕಿನ ಜಗಳವಾಗುವುದಕ್ಕಿಂತ, ಎಲ್ಲ ವಿವರಗಳನ್ನೂ ಒಂದೇ ಸಲ ಕೊಟ್ಟು ಮಾಡುವ ಮನವಿಯಾಗಿದ್ದರೆ ಬೇಗ ಫಲಿಸುತ್ತದೆ.

ನನ್ನ ಖಾತೆಯಲ್ಲಿ ಹುಬ್ಬಳ್ಳಿಯ ಮನೆ ವಿಳಾಸ ಇದೆ, ಅಂಗಡಿ ಡೊಂಬಿವಲಿಯಲ್ಲಿದೆ. ಬಿಲ್ಲಿಗೆ ಜಿಎಸ್‌ಟಿ ಸಂಖ್ಯೆ ಸೇರಿಸಿ ಕೊಟ್ಟರೆ ಸಾಕಲ್ಲವೇ?

ಸಾಕಾಗುವುದಿಲ್ಲ, ಮತ್ತು ನಮ್ಮವರು ಕ್ರೆಡಿಟ್ ಕಳೆದುಕೊಳ್ಳುವುದು ಹೆಚ್ಚಾಗಿ ಇಲ್ಲಿಯೇ. ಕಾರಣವನ್ನು ಒಂದು ಉದಾಹರಣೆಯಿಂದ ನೋಡೋಣ.

ಡೊಂಬಿವಲಿಯಲ್ಲಿ ಮುದ್ರಣ ಮತ್ತು ವಿನ್ಯಾಸದ ಕೆಲಸ ಮಾಡುವ ಒಬ್ಬರು 2025ರ ಮೇ 12ರಂದು ಬೆಂಗಳೂರಿನ ಒಂದು ಸಾಫ್ಟ್‌ವೇರ್ ಸಂಸ್ಥೆಗೆ ವರ್ಷದ ಚಂದಾ ₹23,600 ಕಟ್ಟಿದರು ಎಂದಿಟ್ಟುಕೊಳ್ಳಿ. ಇದರಲ್ಲಿ ಸೇವೆಯ ಬೆಲೆ ₹20,000, ಶೇ. 18ರ ತೆರಿಗೆ ₹3,600. ಖಾತೆಯನ್ನು ಹಿಂದೊಮ್ಮೆ ಊರಿನಲ್ಲಿದ್ದಾಗ ತೆರೆದದ್ದರಿಂದ ಅದರಲ್ಲಿ ಹುಬ್ಬಳ್ಳಿಯ ವಿಳಾಸವಿತ್ತು. ಸಮಗ್ರ ಜಿಎಸ್‌ಟಿ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ, ನೋಂದಣಿ ಇಲ್ಲದ ಗ್ರಾಹಕರ ಮಟ್ಟಿಗೆ ದಾಖಲೆಯಲ್ಲಿರುವ ವಿಳಾಸವೇ ಸೇವೆ ಪೂರೈಕೆಯಾದ ಸ್ಥಳ. ಮಾರಾಟಗಾರರು ಕರ್ನಾಟಕದಲ್ಲಿ, ಗ್ರಾಹಕರ ವಿಳಾಸವೂ ಕರ್ನಾಟಕದಲ್ಲಿ. ಹೀಗಾಗಿ ಬಿಲ್ಲಿನಲ್ಲಿ ಸಿಜಿಎಸ್‌ಟಿ ₹1,800 ಮತ್ತು ಕರ್ನಾಟಕದ ಎಸ್‌ಜಿಎಸ್‌ಟಿ ₹1,800 ಎಂದು ಬಂತು. ಆನ್‌ಲೈನ್ ಸೇವೆಗಳಲ್ಲಿ ಮೊತ್ತ ಎಷ್ಟೇ ಸಣ್ಣದಿದ್ದರೂ ನೋಂದಣಿ ಇಲ್ಲದ ಗ್ರಾಹಕರ ರಾಜ್ಯವನ್ನು ಇನ್‌ವಾಯ್ಸ್‌ನಲ್ಲಿ ದಾಖಲಿಸಲೇಬೇಕು ಎಂದು 2024ರ ಡಿಸೆಂಬರ್ 31ರ ಸುತ್ತೋಲೆಯೂ ಸ್ಪಷ್ಟಪಡಿಸಿರುವುದರಿಂದ, ಖಾತೆಯಲ್ಲಿ ಆಯ್ಕೆ ಮಾಡಿದ ರಾಜ್ಯವನ್ನು ಸಂಸ್ಥೆಗಳು ಹಾಗೆಯೇ ಬಿಲ್ಲಿಗೆ ತರುತ್ತವೆ.

ನೋಂದಾಯಿತ ಗ್ರಾಹಕರ ವಿಷಯದಲ್ಲಿ ನಿಯಮ ಬೇರೆ: ಅವರ ನೋಂದಣಿ ಇರುವ ಸ್ಥಳವೇ ಪೂರೈಕೆಯ ಸ್ಥಳ. ಡೊಂಬಿವಲಿಯ ಅಂಗಡಿಯ ಜಿಎಸ್‌ಟಿ ಸಂಖ್ಯೆ ಮಹಾರಾಷ್ಟ್ರದ ಸಂಕೇತವಾದ 27ರಿಂದ ಶುರುವಾಗುತ್ತದೆ. ಹಾಗಿದ್ದಲ್ಲಿ ಇದು ಕರ್ನಾಟಕದಿಂದ ಮಹಾರಾಷ್ಟ್ರಕ್ಕೆ ಆದ ಮಾರಾಟ, ತೆರಿಗೆ ಐಜಿಎಸ್‌ಟಿ ₹3,600 ಆಗಬೇಕು. ಒಟ್ಟು ಮೊತ್ತ ಅದೇ ₹23,600. ಬದಲಾಗುವುದು ತೆರಿಗೆಯ ಹೆಸರು ಮತ್ತು ಅದು ಸೇರುವ ರಾಜ್ಯ ಮಾತ್ರ.

ಈಗ ಗ್ರಾಹಕ ಸೇವೆಯವರು ಹಳೆಯ ಬಿಲ್ಲಿನ ಮೇಲೆಯೇ ನಿಮ್ಮ ಸಂಖ್ಯೆಯನ್ನು ಸೇರಿಸಿ, ಸಿಜಿಎಸ್‌ಟಿ ಮತ್ತು ಎಸ್‌ಜಿಎಸ್‌ಟಿ ಸಾಲುಗಳನ್ನು ಹಾಗೆಯೇ ಬಿಟ್ಟು ಕಳಿಸಿದರು ಎನ್ನಿ. ನೋಡಲು ಕಾಗದ ಪೂರ್ಣವಾಗಿದೆ. ಆದರೆ ಅದು ನಿಮ್ಮ GSTR-2B ಪಟ್ಟಿಗೆ ಬಂದಾಗ ಕ್ರೆಡಿಟ್ ಸಿಗದ ಭಾಗದಲ್ಲಿ ಕುಳಿತಿರುತ್ತದೆ, ಏಕೆಂದರೆ ಮಾರಾಟಗಾರರ ರಾಜ್ಯ ಮತ್ತು ಪೂರೈಕೆಯ ಸ್ಥಳ ಎರಡೂ ಕರ್ನಾಟಕವಾಗಿ, ನಿಮ್ಮ ನೋಂದಣಿ ಮಾತ್ರ ಬೇರೆ ರಾಜ್ಯದ್ದಾಗಿರುತ್ತದೆ. ಕರ್ನಾಟಕಕ್ಕೆ ಸಂದ ಎಸ್‌ಜಿಎಸ್‌ಟಿಯನ್ನು ಮಹಾರಾಷ್ಟ್ರದ ನೋಂದಣಿಯಲ್ಲಿ ಬಳಸಲು ಬರುವುದಿಲ್ಲ. ಜೊತೆಗಿರುವ ಸಿಜಿಎಸ್‌ಟಿಯೂ ಸಿಗುವುದಿಲ್ಲ. ಆದ್ದರಿಂದ ತಿದ್ದಿದ ಇನ್‌ವಾಯ್ಸ್ ಕೈಗೆ ಬಂದ ಕೂಡಲೇ ಮೂರು ಸಾಲುಗಳನ್ನು ಒಟ್ಟಿಗೆ ಓದಿ: ನಿಮ್ಮ ಸಂಖ್ಯೆಯ ಮೊದಲೆರಡು ಅಂಕೆ, ಪೂರೈಕೆಯ ಸ್ಥಳ, ತೆರಿಗೆಯ ಹೆಸರು. ಸಂಖ್ಯೆ 27ರಿಂದ ಶುರುವಾದರೆ ಸ್ಥಳ ಮಹಾರಾಷ್ಟ್ರ, ಗೋವಾದ 30 ಆದರೆ ಸ್ಥಳ ಗೋವಾ; ಮಾರಾಟಗಾರರ ಸಂಖ್ಯೆ ಕರ್ನಾಟಕದ 29 ಆಗಿದ್ದರೆ ಎರಡರಲ್ಲಿಯೂ ತೆರಿಗೆ ಐಜಿಎಸ್‌ಟಿಯೇ ಆಗಿರಬೇಕು. ಮಡಗಾಂವ್‌ನಲ್ಲಿ ಒಂದು, ಮುಂಬೈಯಲ್ಲಿ ಒಂದು ಎಂದು ಎರಡು ರಾಜ್ಯಗಳ ನೋಂದಣಿ ಇರುವವರು ಸೇವೆಯನ್ನು ಬಳಸುವ ಕಡೆಯ ಸಂಖ್ಯೆಯನ್ನೇ ಕೊಡಬೇಕು; ಕಾನೂನಿನ ಕಣ್ಣಿಗೆ ಅವೆರಡು ಬೇರೆ ಬೇರೆ ವ್ಯಕ್ತಿಗಳು.

ಮನವಿಯಲ್ಲಿ ಏನು ಬರೆಯಬೇಕು?

ಮೊದಲು ಬಿಲ್ಲು ಕೊಟ್ಟವರು ಯಾರು ಎಂದು ನೋಡಿಕೊಳ್ಳಿ. ಆ್ಯಪ್ ಅಂಗಡಿಯ ಮೂಲಕವೋ ಮರುಮಾರಾಟಗಾರರ ಮೂಲಕವೋ ಕೊಂಡಿದ್ದರೆ, ಸಾಫ್ಟ್‌ವೇರ್ ಮಾಡಿದ ಸಂಸ್ಥೆಗೆ ಬರೆದು ಪ್ರಯೋಜನವಿಲ್ಲ. ಬಿಲ್ಲಿನ ಮೇಲೆ ಯಾರ ಜಿಎಸ್‌ಟಿ ಸಂಖ್ಯೆ ಇದೆಯೋ ಅವರೇ ತಿದ್ದಬೇಕು. ಪಾವತಿ ಗೇಟ್‌ವೇ ಕಳಿಸಿದ ಸಂದೇಶ ಇನ್‌ವಾಯ್ಸ್ ಅಲ್ಲ.

ನಿಮ್ಮ ನೋಂದಣಿಯ ಹೆಸರು, ವಿಳಾಸಗಳನ್ನು ನೆನಪಿನಿಂದ ಬರೆಯಬೇಡಿ. gst.gov.in ತಾಣದಲ್ಲಿ `Search Taxpayer` ಅಡಿಯಲ್ಲಿ `Search by GSTIN/UIN` ತೆರೆದು ನಿಮ್ಮ 15 ಅಕ್ಷರಗಳ ಸಂಖ್ಯೆಯನ್ನು ಹಾಕಿದರೆ `Legal Name of Business`, `Trade Name`, ಮುಖ್ಯ ವ್ಯಾಪಾರ ಸ್ಥಳ ಎಲ್ಲವೂ ಕಾಣುತ್ತವೆ. ಏಕವ್ಯಕ್ತಿ ವ್ಯವಹಾರದಲ್ಲಿ ಕಾನೂನುಬದ್ಧ ಹೆಸರು ಮಾಲೀಕರದ್ದು, ಅಂಗಡಿಯ ಹೆಸರು ವ್ಯಾಪಾರನಾಮವಾಗಿ ಬೇರೆ ಇರುತ್ತದೆ. ಎರಡನ್ನೂ ಕೊಡುವುದು ಒಳ್ಳೆಯದು. ಅಲ್ಲಿಂದಲೇ ನಕಲು ಮಾಡಿ ಅಂಟಿಸಿದರೆ ಸೊನ್ನೆಯ ಜಾಗದಲ್ಲಿ ಓ ಅಕ್ಷರ ಬರುವಂಥ ತಪ್ಪುಗಳು ಆಗುವುದಿಲ್ಲ.

ಮನವಿಯ ಒಕ್ಕಣೆ ಹೀಗಿದ್ದರೆ ಸಾಕು. ಸಂಸ್ಥೆ ಬಳಸುವ ಭಾಷೆಯಲ್ಲಿ ಇದನ್ನು ಬರೆದುಕೊಳ್ಳಬಹುದು:

> ಮಾನ್ಯರೇ, ದಿನಾಂಕ 12-05-2025ರ ಇನ್‌ವಾಯ್ಸ್ ಸಂಖ್ಯೆ (ಇಲ್ಲಿ ಸಂಖ್ಯೆ), ಮೊತ್ತ ₹23,600, ನನ್ನ ವೈಯಕ್ತಿಕ ಹೆಸರಿನಲ್ಲಿ ಮತ್ತು ಕರ್ನಾಟಕದ ವಿಳಾಸಕ್ಕೆ ಬಂದಿದೆ. ಈ ಚಂದಾ ಮಹಾರಾಷ್ಟ್ರದಲ್ಲಿ ನೋಂದಾಯಿತವಾದ ನನ್ನ ವ್ಯವಹಾರಕ್ಕೆ ಸೇರಿದ್ದು, ಹಣ ಕಟ್ಟಿದ ದಿನ ಆ ನೋಂದಣಿ ಜಾರಿಯಲ್ಲಿತ್ತು. ದಯವಿಟ್ಟು ಮೂಲ ಇನ್‌ವಾಯ್ಸ್‌ಗೆ ನೋಂದಣಿ ಇಲ್ಲದ ಗ್ರಾಹಕರ ಕ್ರೆಡಿಟ್ ನೋಟ್ ಕೊಟ್ಟು, ಈ ಕೆಳಗಿನ ಹೆಸರು, ವಿಳಾಸ, ಜಿಎಸ್‌ಟಿ ಸಂಖ್ಯೆಗೆ, ಪೂರೈಕೆಯ ಸ್ಥಳ ಮಹಾರಾಷ್ಟ್ರ ಎಂದು ತೋರಿಸಿ, ಐಜಿಎಸ್‌ಟಿ ವಿಧಿಸಿದ ಹೊಸ ತೆರಿಗೆ ಇನ್‌ವಾಯ್ಸ್ ಕೊಡಬೇಕು. ಅದನ್ನು ಯಾವ ತಿಂಗಳ ರಿಟರ್ನ್‌ನಲ್ಲಿ ತೋರಿಸುವಿರಿ ಎಂಬುದನ್ನೂ ತಿಳಿಸಬೇಕು.

ಇದರೊಂದಿಗೆ ಹಳೆಯ ಇನ್‌ವಾಯ್ಸ್, ಪಾವತಿಯ ಪುರಾವೆ ಮತ್ತು ನೋಂದಣಿ ಪ್ರಮಾಣಪತ್ರದ ಪ್ರತಿಯನ್ನು ಲಗತ್ತಿಸಿ. ಬರೆಯುವ ಮೊದಲೇ ಖಾತೆಯ ಬಿಲ್ಲಿಂಗ್ ವಿವರಗಳಲ್ಲಿ ಸಂಖ್ಯೆಯನ್ನೂ ವಿಳಾಸವನ್ನೂ ಬದಲಿಸಿಡಬೇಕು, ಏಕೆಂದರೆ ಹೊಸ ಇನ್‌ವಾಯ್ಸ್ ಅಲ್ಲಿಂದಲೇ ತಯಾರಾಗುತ್ತದೆ.

"ಹಳೆಯ ದಿನಾಂಕದ ಇನ್‌ವಾಯ್ಸ್ ಬದಲಿಸಲು ನಮ್ಮ ವ್ಯವಸ್ಥೆಯಲ್ಲಿ ಅವಕಾಶವಿಲ್ಲ" ಎನ್ನುತ್ತಾರೆ. ಇದು ನೆಪವೇ?

ಎಲ್ಲ ಸಲವೂ ನೆಪವಲ್ಲ. ವಾರ್ಷಿಕ ವಹಿವಾಟು ₹5 ಕೋಟಿ ಮೀರಿದ ಸಂಸ್ಥೆಗಳು ನೋಂದಾಯಿತ ಗ್ರಾಹಕರಿಗೆ ಕೊಡುವ ಇನ್‌ವಾಯ್ಸ್‌ಗಳನ್ನು ಸರ್ಕಾರದ ಇ-ಇನ್‌ವಾಯ್ಸ್ ಪೋರ್ಟಲ್‌ನಲ್ಲಿ ದಾಖಲಿಸಿ ಉಲ್ಲೇಖ ಸಂಖ್ಯೆ ಪಡೆಯಬೇಕು. ಸಾಮಾನ್ಯ ಗ್ರಾಹಕರ ಬಿಲ್ಲಿಗೆ ಇದು ಬೇಕಿಲ್ಲದ ಕಾರಣ ನಿಮ್ಮ ಮೊದಲ ಬಿಲ್ಲಿಗೆ ಆ ಸಂಖ್ಯೆ ಇರುವುದಿಲ್ಲ, ಹೊಸದಕ್ಕೆ ಬೇಕಾಗುತ್ತದೆ. 2025ರ ಏಪ್ರಿಲ್ 1ರಿಂದ ₹10 ಕೋಟಿ ಮತ್ತು ಅದಕ್ಕೂ ಹೆಚ್ಚು ವಹಿವಾಟಿನ ಸಂಸ್ಥೆಗಳು 30 ದಿನಗಳಿಗಿಂತ ಹಳೆಯ ದಿನಾಂಕದ ಇನ್‌ವಾಯ್ಸ್ ಸಲ್ಲಿಸಿದರೆ ಪೋರ್ಟಲ್ ಅದನ್ನು ತಿರಸ್ಕರಿಸುತ್ತದೆ. ಹೀಗಾಗಿ ಮೇ 12ರ ಚಂದಾಕ್ಕೆ ಆಗಸ್ಟ್‌ನಲ್ಲಿ ಮೇ 12ರದೇ ದಿನಾಂಕದ ಇನ್‌ವಾಯ್ಸ್ ಕೇಳಿದರೆ ಅವರಿಂದ ನಿಜಕ್ಕೂ ಆಗುವುದಿಲ್ಲ.

ಆದರೆ ಹಳೆಯದಕ್ಕೆ ಕ್ರೆಡಿಟ್ ನೋಟ್, ಹೊಸದಕ್ಕೆ ಈಗಿನ ದಿನಾಂಕ ಎಂಬ ದಾರಿಯನ್ನು ಅನೇಕ ಸಂಸ್ಥೆಗಳು ಅನುಸರಿಸುತ್ತವೆ, ಮತ್ತು ಮೇಲಿನ ಮನವಿಯಲ್ಲಿ ಕೇಳಿರುವುದೂ ಅದನ್ನೇ. ಮೊದಲ ಹಂತದ ಸಹಾಯಕರು ಆಗುವುದಿಲ್ಲ ಎಂದರೆ, ಪ್ರಶ್ನೆಯನ್ನು ಲೆಕ್ಕಪತ್ರ ವಿಭಾಗಕ್ಕೆ ಕಳಿಸುವಂತೆ ಕೇಳಿ. ಹೊಸ ಇನ್‌ವಾಯ್ಸ್‌ನ ವಿವರಣೆಯಲ್ಲಿ ಚಂದಾದ ಅವಧಿ ಮತ್ತು ಹಳೆಯ ಇನ್‌ವಾಯ್ಸ್‌ನ ಸಂಖ್ಯೆ ಇರುವಂತೆ ನೋಡಿಕೊಂಡರೆ, ಪಾವತಿಯ ದಿನಾಂಕಕ್ಕೂ ಇನ್‌ವಾಯ್ಸ್‌ನ ದಿನಾಂಕಕ್ಕೂ ಏಕೆ ಅಂತರವಿದೆ ಎಂದು ಮುಂದೆ ಯಾರಾದರೂ ಕೇಳಿದಾಗ ಕಾಗದವೇ ಉತ್ತರ ಹೇಳುತ್ತದೆ.

ಹೊಸ ಇನ್‌ವಾಯ್ಸ್ ಕೈಗೆ ಬಂತು. ಈ ತಿಂಗಳೇ ಕ್ರೆಡಿಟ್ ಪಡೆಯಬಹುದೇ?

ಕಾಗದ ಬಂದ ಮಾತ್ರಕ್ಕೆ ಪಡೆಯಬೇಡಿ. ಮಾರಾಟಗಾರರು ಅದನ್ನು ತಮ್ಮ GSTR-1ರಲ್ಲಿ ತೋರಿಸಿ, ಅದು ನಿಮ್ಮ GSTR-2Bಯಲ್ಲಿ ಕಾಣಿಸಿಕೊಳ್ಳಬೇಕು ಎಂಬುದು 2022ರ ಜನವರಿ 1ರಿಂದ ಕಾನೂನಿನ ಷರತ್ತೇ ಆಗಿದೆ. ಪ್ರತಿ ತಿಂಗಳ ಪಟ್ಟಿ ಮುಂದಿನ ತಿಂಗಳ 14ರಂದು ತಯಾರಾಗುತ್ತದೆ. ಪೋರ್ಟಲ್‌ಗೆ ಲಾಗಿನ್ ಆಗಿ `Services`, `Returns`, `Returns Dashboard` ಮೂಲಕ ವರ್ಷ ಮತ್ತು ತಿಂಗಳನ್ನು ಆರಿಸಿ GSTR-2B ತೆರೆದು, ಮಾರಾಟಗಾರರ ಹೆಸರು, ಇನ್‌ವಾಯ್ಸ್ ಸಂಖ್ಯೆ, ಐಜಿಎಸ್‌ಟಿ ಮೊತ್ತ ಮೂರೂ ನಿಮ್ಮ ಕೈಯಲ್ಲಿರುವ ಕಾಗದದೊಂದಿಗೆ ಹೊಂದುತ್ತವೆಯೇ ಎಂದು ನೋಡಿ.

ಅದೇ ಪಟ್ಟಿಯಲ್ಲಿ ಕ್ರೆಡಿಟ್ ನೋಟ್‌ಗಳ ಭಾಗವನ್ನೂ ತಪ್ಪದೇ ತೆರೆಯಿರಿ. ಹಳೆಯ ಬಿಲ್ಲು ನಿಮ್ಮ ಜಿಎಸ್‌ಟಿ ಸಂಖ್ಯೆಯಲ್ಲಿ ಎಂದೂ ಇರಲಿಲ್ಲವಾದ್ದರಿಂದ ಅದರ ಕ್ರೆಡಿಟ್ ನೋಟ್ ಅಲ್ಲಿ ಕಾಣಬಾರದು. ಕೆಲವೊಮ್ಮೆ ಮಾರಾಟಗಾರರ ಸಿಬ್ಬಂದಿ ಖಾತೆಯಲ್ಲಿ ಈಗ ಇರುವ ಸಂಖ್ಯೆಯನ್ನೇ ಕ್ರೆಡಿಟ್ ನೋಟ್‌ಗೂ ಹಾಕಿಬಿಡುತ್ತಾರೆ. ಆಗ ಒಂದು ಕಡೆ ₹3,600 ಬಂದು ಇನ್ನೊಂದು ಕಡೆ, ನೀವು ಎಂದೂ ಪಡೆಯದ ₹3,600 ಕಡಿತವಾಗಿ ತೋರುತ್ತದೆ. ಮನವಿಯಲ್ಲಿ "ನೋಂದಣಿ ಇಲ್ಲದ ಗ್ರಾಹಕರ ಕ್ರೆಡಿಟ್ ನೋಟ್" ಎಂದು ಬಿಡಿಸಿ ಬರೆದದ್ದು ಇದೇ ಕಾರಣಕ್ಕೆ. ಹೀಗಾಗಿದ್ದರೆ ನಿಮ್ಮ GSTR-3B ಸಲ್ಲಿಸುವ ಮೊದಲೇ ಮಾರಾಟಗಾರರಿಗೆ ತಿಳಿಸಿ ಸರಿಪಡಿಸಿಕೊಳ್ಳಿ.

ಎಷ್ಟು ದಿನಗಳವರೆಗೆ ಅವಕಾಶವಿದೆ?

ಒಂದು ಆರ್ಥಿಕ ವರ್ಷದ ಇನ್‌ವಾಯ್ಸ್‌ಗೆ ಆ ವರ್ಷ ಮುಗಿದ ಮೇಲೆ ಬರುವ ನವೆಂಬರ್ 30, ಅಥವಾ ನೀವು ವಾರ್ಷಿಕ ರಿಟರ್ನ್ ಸಲ್ಲಿಸಿದ ದಿನ, ಯಾವುದು ಮೊದಲೋ ಅದೇ ಕೊನೆ. 2025–26ನೇ ಸಾಲಿನ ಇನ್‌ವಾಯ್ಸ್‌ಗೆ 2026ರ ನವೆಂಬರ್ 30. ಮಾರಾಟಗಾರರು ಕ್ರೆಡಿಟ್ ನೋಟ್ ತೋರಿಸಲು ಮತ್ತು ತಮ್ಮ ರಿಟರ್ನ್ ತಿದ್ದಲು ಇರುವ ಗಡುವೂ ಅದೇ ನವೆಂಬರ್ 30ರದ್ದಾದ್ದರಿಂದ, ಕೊನೆಯ ವಾರದಲ್ಲಿ ಕೇಳಿದರೆ ಮಾಡಲು ಮನಸ್ಸಿದ್ದವರಿಗೂ ಆಗುವುದಿಲ್ಲ.

ಚಂದಾ ಕಟ್ಟಿದ್ದು ವಿದೇಶಿ ಸಂಸ್ಥೆಗೆ. ಅವರು ಶೇ. 18 ತೆರಿಗೆ ಹಾಕಿದ್ದಾರೆ. ಅದನ್ನು ಪಡೆಯಬಹುದೇ?

ಇಲ್ಲ, ಮತ್ತು ಇಲ್ಲಿ ಕೇಳಬೇಕಾದದ್ದೂ ಬೇರೆ. ಭಾರತದಲ್ಲಿ ಕಚೇರಿ ಇಲ್ಲದೆ ಆನ್‌ಲೈನ್ ಸೇವೆ ಮಾರುವ ವಿದೇಶಿ ಸಂಸ್ಥೆಗಳು ನೋಂದಣಿ ಇಲ್ಲದ ಗ್ರಾಹಕರಿಂದ ಐಜಿಎಸ್‌ಟಿ ಸಂಗ್ರಹಿಸಿ ಕಟ್ಟುತ್ತವೆ. ಅವುಗಳ ಸಂಖ್ಯೆ 99ರಿಂದ ಶುರುವಾಗುತ್ತದೆ. ಹೀಗೆ ಕಟ್ಟಿದ ತೆರಿಗೆ ನಿಮ್ಮ GSTR-2Bಗೆ ಬರುವುದಿಲ್ಲ. ನೀವು ಜಿಎಸ್‌ಟಿ ಸಂಖ್ಯೆ ಕೊಟ್ಟರೆ ಅವರು ತೆರಿಗೆ ಹಾಕದೆ ಬಿಲ್ಲು ಕೊಡಬೇಕು, ತೆರಿಗೆಯನ್ನು ರಿವರ್ಸ್ ಚಾರ್ಜ್ ಪ್ರಕಾರ ನೀವೇ ನಗದು ಖಾತೆಯಿಂದ ಕಟ್ಟಿ, GSTR-3Bಯಲ್ಲಿ ಸೇವೆಯ ಆಮದು ಎಂದು ಕ್ರೆಡಿಟ್ ಪಡೆಯಬೇಕು. ಆದ್ದರಿಂದ ಅವರಲ್ಲಿ ಕೇಳಬೇಕಾದದ್ದು ಸಂಗ್ರಹಿಸಿದ ತೆರಿಗೆಯ ಮರುಪಾವತಿ ಮತ್ತು ತೆರಿಗೆಯಿಲ್ಲದ ಹೊಸ ಬಿಲ್ಲು. ಅವರು ಒಪ್ಪದಿದ್ದರೆ ಆ ತೆರಿಗೆ ಖರ್ಚಾಗಿಯೇ ಉಳಿಯುತ್ತದೆ. ಮುಂದಿನ ಕಂತಿಗೆ ಮೊದಲು ಸಂಖ್ಯೆ ದಾಖಲಿಸಿಬಿಡಿ.

ಮಾಟುಂಗಾದಲ್ಲಿ ನಮ್ಮ ಉಡುಪಿ ಹೋಟೆಲ್ ಇದೆ. ಬಿಲ್ಲಿಂಗ್ ಆ್ಯಪ್‌ನ ಚಂದಾಕ್ಕೆ ಇದನ್ನೆಲ್ಲ ಮಾಡಬೇಕೇ?

ಊಟ, ತಿಂಡಿಗೆ ಶೇ. 5ರ ದರದಲ್ಲಿ ತೆರಿಗೆ ಕಟ್ಟುವ ಹೋಟೆಲ್‌ಗಳಿಗೆ ಇನ್‌ಪುಟ್ ಕ್ರೆಡಿಟ್ ಇಲ್ಲ ಎಂಬುದೇ ಆ ದರದ ಷರತ್ತು. ಕಾಂಪೋಸಿಷನ್ ಯೋಜನೆಯಲ್ಲಿರುವ ಅಂಗಡಿಗಳಿಗೂ ಇಲ್ಲ. ಹಾಗಾಗಿ ಕ್ರೆಡಿಟ್‌ಗೋಸ್ಕರ ಹಳೆಯ ಬಿಲ್ಲು ತಿದ್ದಿಸುವ ಶ್ರಮ ನಿಮಗೆ ಅಗತ್ಯವಿಲ್ಲ. ಲೆಕ್ಕಪತ್ರದಲ್ಲಿ ಖರ್ಚು ಹೋಟೆಲಿನದೇ ಎಂದು ಸ್ಪಷ್ಟವಾಗಲು ಬಿಲ್ಲು ಹೋಟೆಲಿನ ಹೆಸರಿನಲ್ಲಿದ್ದರೆ ಅನುಕೂಲ, ಅಷ್ಟೇ.

ಚಂದಾ ಕಟ್ಟಿದ ಮೇಲೆ ಜಿಎಸ್‌ಟಿ ನೋಂದಣಿ ಮಾಡಿಸಿದೆ. ಆ ಬಿಲ್ಲಿಗೂ ಸಂಖ್ಯೆ ಹಾಕಿಸಬಹುದೇ?

ಹಾಕಿಸಬಾರದು. ನೋಂದಣಿ ಪ್ರಮಾಣಪತ್ರದಲ್ಲಿರುವ ಜಾರಿಯ ದಿನಾಂಕಕ್ಕಿಂತ ಮೊದಲು ಪಡೆದದ್ದರಲ್ಲಿ, ದಾಸ್ತಾನಿನಲ್ಲಿರುವ ಸರಕಿಗೆ ಮಾತ್ರ ಷರತ್ತುಗಳೊಡನೆ ಕ್ರೆಡಿಟ್ ಇದೆ, ಸೇವೆಗಳಿಗೆ ಇಲ್ಲ. ತಿಂಗಳ ಚಂದಾ ಆಗಿದ್ದರೆ ನೋಂದಣಿಯ ನಂತರದ ಕಂತುಗಳಿಂದ ಸಂಖ್ಯೆ ಕೊಡಿ.

ಎಷ್ಟು ಕೇಳಿದರೂ ಕೊಡಲಿಲ್ಲ. ಹಣ ಪೂರ್ತಿ ನಷ್ಟವೇ?

ಕ್ರೆಡಿಟ್ ಹೋಗುತ್ತದೆ, ಖರ್ಚು ಹೋಗುವುದಿಲ್ಲ. ಮೇಲಿನ ಉದಾಹರಣೆಯಲ್ಲಿ ಕ್ರೆಡಿಟ್ ಸಿಕ್ಕಿದ್ದರೆ ₹20,000 ಖರ್ಚೆಂದು ಬರೆಯುತ್ತಿದ್ದಿರಿ. ಸಿಗದಿದ್ದರೆ ಆದಾಯ ತೆರಿಗೆಯ ಲೆಕ್ಕದಲ್ಲಿ ಪೂರ್ತಿ ₹23,600 ವ್ಯವಹಾರದ ಖರ್ಚಾಗುತ್ತದೆ. ಬಿಲ್ಲು ವೈಯಕ್ತಿಕ ಹೆಸರಿನಲ್ಲಿದ್ದರೆ, ಹಣ ವ್ಯವಹಾರದ ಬ್ಯಾಂಕ್ ಖಾತೆಯಿಂದ ಹೋದ ದಾಖಲೆಯನ್ನೂ, ಚಂದಾ ವ್ಯವಹಾರಕ್ಕೆ ಬಳಕೆಯಾಗುತ್ತಿದೆ ಎಂದು ತೋರಿಸುವ ಖಾತೆಯ ಪುಟವನ್ನೂ ಅದರೊಂದಿಗೆ ಇಟ್ಟುಕೊಳ್ಳಿ. ಕ್ರೆಡಿಟ್ ಪಡೆದೂ ಪೂರ್ತಿ ಮೊತ್ತವನ್ನು ಖರ್ಚೆಂದು ಬರೆಯುವುದಕ್ಕೆ ಮಾತ್ರ ಅವಕಾಶವಿಲ್ಲ.

ಮುಂದಿನ ವರ್ಷ ಚಂದಾ ತಾನಾಗಿಯೇ ನವೀಕರಣಗೊಳ್ಳುತ್ತದೆ. ಆಗ ಏನು ನೋಡಬೇಕು?

ಒಂದು ಇನ್‌ವಾಯ್ಸ್ ತಿದ್ದಿಸಿಕೊಂಡರೆ ಖಾತೆಯೂ ಸರಿಹೋಯಿತು ಎಂದು ಭಾವಿಸಬೇಡಿ. ಕೆಲವು ಸಂಸ್ಥೆಗಳಲ್ಲಿ ತಿದ್ದುಪಡಿ ಲೆಕ್ಕಪತ್ರ ವಿಭಾಗದಲ್ಲಿ ನಡೆಯುತ್ತದೆ, ಖಾತೆಯ ಬಿಲ್ಲಿಂಗ್ ಪುಟದಲ್ಲಿ ಹಳೆಯ ವಿಳಾಸವೇ ಉಳಿದಿರುತ್ತದೆ. ನವೀಕರಣಕ್ಕೆ ಒಂದು ವಾರ ಮೊದಲು ಆ ಪುಟವನ್ನು ತೆರೆದು ಹೆಸರು, ರಾಜ್ಯ, ಜಿಎಸ್‌ಟಿ ಸಂಖ್ಯೆ ನೋಡಿ. ಹಣ ಕಡಿತವಾದ ದಿನವೇ ಇನ್‌ವಾಯ್ಸ್ ಇಳಿಸಿಕೊಂಡು ತೆರಿಗೆ ಐಜಿಎಸ್‌ಟಿ ಎಂದಿದೆಯೇ ಎಂದು ಓದಿ. ತಪ್ಪಿದ್ದರೆ ಮುಂದಿನ ತಿಂಗಳ 11ನೇ ತಾರೀಕಿನವರೆಗೆ ಸಮಯವಿರುತ್ತದೆ, ಮತ್ತು ಆ ಅವಧಿಯಲ್ಲಿ ಕೇಳಿದ ತಿದ್ದುಪಡಿಗೆ ಮಾರಾಟಗಾರರು ಸಾಮಾನ್ಯವಾಗಿ ಇಲ್ಲ ಎನ್ನುವುದಿಲ್ಲ.